ರಾತ್ರಿ ಹನ್ನೊಂದರ ಲೆಕ್ಕದಲ್ಲಿ ಕಾಣೆಯಾದ ಒಂದು ಲೀಟರ್

ನಮ್ಮ ಹಾಸ್ಟೆಲಿನಲ್ಲಿ ಈಗ ನೀರು ಕುಡಿಯೋದಕ್ಕಿಂತ ಕುಡಿದದ್ದನ್ನ ಬರೆದಿಡೋದೇ ಜೋರು. ಟೆಲಿಗ್ರಾಂನಲ್ಲಿ ಒಂದು ಬಾಟ್. ಒಂದು ಲೋಟ ಕುಡಿದ್ರೆ ಅದಕ್ಕೆ 250 ಅಂತ ಕಳಿಸಬೇಕು, ಬಾಟಲಿ ಖಾಲಿ ಮಾಡಿದ್ರೆ 500. ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಅದು "ಇಂದು ನೀವು ಕುಡಿದ ನೀರು ಇಷ್ಟು" ಅಂತ ಒಂದು ಸಾಲು ಕಳಿಸುತ್ತೆ. ಬಾಟ್‌ಫಾದರ್‌ನಿಂದ ಒಂದು ಟೋಕನ್, ಪೈಥಾನ್‌ನಲ್ಲಿ ನೂರು ಸಾಲು, ಒಂದು ಎಸ್‌ಕ್ಯೂಲೈಟ್ ಫೈಲು ಇದ್ದರೆ ಶನಿವಾರ ಮಧ್ಯಾಹ್ನದೊಳಗೆ ಮುಗಿಯೋ ಕೆಲಸ. ಅದಕ್ಕೇ ಪ್ರತಿ ವಿಂಗಿನಲ್ಲೂ ಒಬ್ಬೊಬ್ಬರು ಒಂದೊಂದು ಮಾಡಿಟ್ಟಿದ್ದಾರೆ.

ಬಾಟ್ ಬೇಡ ಅನ್ನೋದು ನನ್ನ ವಾದ ಅಲ್ಲ. ಆ ಹನ್ನೊಂದು ಗಂಟೆಯ ಸಾಲನ್ನ ಹಾಗೇ ನಂಬಬೇಡಿ ಅನ್ನೋದಷ್ಟೇ. ಅದು ನೀವು ಕುಡಿದ ನೀರಿನ ಮೊತ್ತ ಅಲ್ಲ, ನೀವು ಕಳಿಸಿದ ಮೆಸೇಜುಗಳ ಮೊತ್ತ. ಬಹಳ ಸಲ ಅದೂ ಆಗಿರಲ್ಲ.

ನಮ್ಮ ವಿಂಗಿನ ಒಬ್ಬ ಗೆಳೆಯನ ಕತೆಯನ್ನೇ ತಗೊಳ್ಳಿ. ಅವನಿಗೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಮತ್ತೆ ಆಗಬಾರದು ಅಂದ್ರೆ ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು ಅಂತ ಡಾಕ್ಟರು ಹೇಳಿದ್ದರು. ಗಮನಿಸಿ, ಎರಡೂವರೆ ಲೀಟರ್ ಅನ್ನೋದು ಹೊರಗೆ ಹೋಗೋದರ ಲೆಕ್ಕ. ಬೆವರಿನಲ್ಲಿ, ಉಸಿರಿನಲ್ಲಿ ಹೋಗೋದು ಬೇರೆ ಇರೋದರಿಂದ ಕುಡಿಯೋದು ಅದಕ್ಕಿಂತ ಹೆಚ್ಚೇ ಬೇಕು. ಅವನು ಮೂರು ಲೀಟರ್ ಅಂತ ಗುರಿ ಇಟ್ಟುಕೊಂಡು ತಾನೇ ಬಾಟ್ ಬರೆದ. ಮೊತ್ತ ತೆಗೆಯೋ ಸಾಲು ಹೀಗಿತ್ತು:

```sql
SELECT COALESCE(SUM(ml), 0) FROM log
WHERE date(ts, 'unixepoch') = date('now');
```

ನೋಡೋಕೆ ಏನೂ ತಪ್ಪಿಲ್ಲ. ಹನ್ನೊಂದು ಗಂಟೆಗೆ ಕಳಿಸೋಕೆ ಕ್ರಾನ್‌ನಲ್ಲಿ `30 17 * * *` ಅಂತ ಹಾಕಿದ್ದ. ಸರ್ವರ್ ಗಡಿಯಾರ ಯುಟಿಸಿಯಲ್ಲಿ ಓಡುತ್ತೆ, ನಮ್ಮದು ಐದೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿಯ 17:30 ಅಂದ್ರೆ ಇಲ್ಲಿಯ ರಾತ್ರಿ ಹನ್ನೊಂದು. ಇದನ್ನ ಸರಿಯಾಗೇ ಲೆಕ್ಕ ಹಾಕಿದ್ದ. ಆದ್ರೆ ಮೇಲಿನ ಸಾಲಿನ `date` ಕೂಡ ಯುಟಿಸಿಯ ದಿನವನ್ನೇ ನೋಡುತ್ತೆ. ಆ ದಿನ ಶುರುವಾಗೋದು ನಮ್ಮ ಬೆಳಗಿನ ಐದೂವರೆಗೆ.

ಇಂಟರ್ನಲ್ಸ್ ವಾರದ ಒಂದು ಬುಧವಾರ. ಬೆಳಗ್ಗೆ 7:40ಕ್ಕೆ 250, ಹನ್ನೊಂದರ ಹತ್ತಿರ 500, ಊಟಕ್ಕೆ 250, ಸಂಜೆ ಐದೂವರೆಗೆ 500, ರಾತ್ರಿ ಒಂಬತ್ತೂಕಾಲಿಗೆ 250. ಹನ್ನೊಂದಕ್ಕೆ ಬಾಟ್ 1750 ಅಂತು. ಆಮೇಲೆ ಓದ್ತಾ ಕೂತಾಗ 11:40ಕ್ಕೆ 250, ಒಂದು ಇಪ್ಪತ್ತಕ್ಕೆ 500, ಎರಡೂಮುಕ್ಕಾಲಿಗೆ 250. ಒಟ್ಟು ಇನ್ನೊಂದು ಲೀಟರ್. ಇದು ಯಾವ ದಿನದ ರಿಪೋರ್ಟಿಗೆ ಬರಬೇಕು? ಬುಧವಾರದ್ದು ಆಗಲೇ ಹೋಗಿ ಆಗಿದೆ. ಗುರುವಾರದ್ದು ಬೆಳಗಿನ ಐದೂವರೆಯಿಂದ ಎಣಿಸುತ್ತೆ. ಅಂದ್ರೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದೂವರೆವರೆಗೆ ಕುಡಿದದ್ದು ಯಾವ ರಾತ್ರಿಯ ಮೊತ್ತದಲ್ಲೂ ಇಲ್ಲ. ಆರೂವರೆ ಗಂಟೆಯ ಹಳ್ಳ, ಅದೂ ಇಂಜಿನಿಯರಿಂಗ್ ಹಾಸ್ಟೆಲ್ ಎದ್ದು ಕೂತಿರೋ ಹೊತ್ತಲ್ಲಿ.

ಇದರಲ್ಲಿ ಇನ್ನೊಂದು ತಮಾಷೆ ಇದೆ. 1750 ನೋಡಿ ಅವನಿಗೆ ಗಾಬರಿ. ಮಲಗೋ ಮೊದಲು ಒಂದು ಲೀಟರ್ ಗಟಗಟ ಕುಡಿಯೋದು, ರಾತ್ರಿ ಎರಡು ಸಲ ಎದ್ದು ಕಾರಿಡಾರ್ ತುದಿಗೆ ಓಡೋದು. ಆ ಲೀಟರನ್ನೂ ಕಳಿಸ್ತಿದ್ದ, ಅದೂ ಆ ಹಳ್ಳಕ್ಕೇ ಬೀಳ್ತಿತ್ತು. ಮರುದಿನದ ಮೊತ್ತ ಮತ್ತೆ ಅಷ್ಟೇ.

ಗೊತ್ತಾದದ್ದು ಹೇಗೆ ಅಂದ್ರೆ, ಭಾನುವಾರ ವಾರದ ಮೊತ್ತ ಕೂಡ ಬರುವಂತೆ ಮಾಡಿದಾಗ. ಅದು ಟೇಬಲ್ಲಿನ ಎಲ್ಲ ಸಾಲುಗಳನ್ನೂ ಕೂಡಿಸುತ್ತೆ, ಹಾಗಾಗಿ ರಾತ್ರಿಯ ಏಳು ಮೊತ್ತ ಕೂಡಿಸಿದ್ದಕ್ಕಿಂತ ಲೀಟರುಗಟ್ಟಲೆ ಜಾಸ್ತಿ ಬಂತು. ನಿಮ್ಮ ಬಾಟನ್ನೂ ಹೀಗೇ ಪರೀಕ್ಷೆ ಮಾಡಬಹುದು. ಏಳು ರಾತ್ರಿಯದ್ದು ಕೂಡಿಸಿ, ಟೇಬಲ್ಲಿನ ಮೊತ್ತದ ಜೊತೆ ಹೋಲಿಸಿ.

"ಟೈಮ್‌ಜೋನ್ ಭಾರತಕ್ಕೆ ಬದಲಾಯಿಸಿದ್ರಾಯ್ತು" ಅಂತ ಎಲ್ಲರೂ ಹೇಳ್ತಾರೆ. ಆಗಲ್ಲ. ದಿನ ನಡುರಾತ್ರಿಗೆ ಮುಗಿದರೂ ಹನ್ನೊಂದರಿಂದ ಹನ್ನೆರಡರ ನೀರು ಕಾಣೆಯಾಗುತ್ತೆ. ಸರಿಯಾದ ನಿಯಮ ಒಂದೇ: ಹಿಂದಿನ ರಿಪೋರ್ಟ್ ಹೋದ ಕ್ಷಣದಿಂದ ಈ ರಿಪೋರ್ಟ್ ಹೋಗೋ ಕ್ಷಣದವರೆಗೆ ಎಣಿಸಬೇಕು. ಕ್ಯಾಲೆಂಡರ್ ಬೇಡವೇ ಬೇಡ.

```sql
SELECT SUM(ml) FROM log
WHERE ts >= :last_report AND ts < :now;
```

ಈ ಎರಡನೇ ಸಾಲಿನಲ್ಲಿ `COALESCE` ಇಲ್ಲ, ನೋಡಿದ್ರಾ? ಮರೆತದ್ದಲ್ಲ. ಒಂದೂ ಸಾಲು ಇಲ್ಲದಿದ್ದರೆ `SUM` ಸೊನ್ನೆ ಕೊಡಲ್ಲ, `NULL` ಕೊಡುತ್ತೆ. ಏನೂ ಬರೆಯದೇ ಇರೋದು ಬೇರೆ, ಏನೂ ಕುಡಿಯದೇ ಇರೋದು ಬೇರೆ ಅನ್ನೋದು ಡೇಟಾಬೇಸಿಗೆ ಗೊತ್ತಿದೆ. ಅದನ್ನ ಸೊನ್ನೆ ಮಾಡಿ "ಇಂದು ನೀವು 0 ಮಿಲಿ ಕುಡಿದಿದ್ದೀರಿ" ಅಂತ ಬೈಯೋದು ನಾವು. ಫೆಸ್ಟ್ ದಿನ ಫೋನು ಚಾರ್ಜಿಲ್ಲದೆ ಬಿದ್ದಿರುತ್ತೆ, ನೀರು ಕುಡಿದೇ ಇರ್ತೀವಿ. ಆ ದಿನಕ್ಕೆ "ಇಂದು ಏನೂ ದಾಖಲಾಗಿಲ್ಲ" ಅನ್ನೋದೇ ನಿಜ. ವಾರದ ಸರಾಸರಿ ತೆಗೆಯುವಾಗಲೂ ಆ ದಿನವನ್ನ ಬಿಟ್ಟೇ ಭಾಗಿಸಬೇಕು.

ಹೆಚ್ಚು ಬರೋದಕ್ಕೂ ಒಂದು ದಾರಿ ಇದೆ. ವೆಬ್‌ಹುಕ್ ಬಳಸೋರಿಗೆ ಇದು. ಪುಕ್ಕಟೆ ಸರ್ವರ್ ನಿದ್ದೆಯಿಂದ ಎದ್ದು ಉತ್ತರ ಕೊಡೋದು ತಡ ಆದ್ರೆ, ಮೆಸೇಜ್ ತಲುಪಿಲ್ಲ ಅಂದುಕೊಂಡು ಟೆಲಿಗ್ರಾಂ ಅದನ್ನೇ ಮತ್ತೆ ಕಳಿಸುತ್ತೆ. ಕುಡಿದದ್ದು ಒಂದು ಲೋಟ, ಲೆಕ್ಕದಲ್ಲಿ ಎರಡು. ಮತ್ತೆ ಬಂದದ್ದರಲ್ಲೂ `update_id` ಮೊದಲಿನದ್ದೇ ಇರುತ್ತೆ. ಅದನ್ನೇ ಪ್ರೈಮರಿ ಕೀ ಮಾಡಿ `INSERT OR IGNORE` ಹಾಕಿದ್ರೆ ಮುಗೀತು.

ಇಷ್ಟೆಲ್ಲ ಸರಿ ಮಾಡಿದ ಮೇಲೂ ನನ್ನ ತಕರಾರು ಆ ಹನ್ನೊಂದು ಗಂಟೆಯ ಮೇಲೇ. ಕೊರತೆ ಇದೆ ಅಂತ ಮಲಗೋ ಹೊತ್ತಿಗೆ ತಿಳಿಸಿದ್ರೆ ಏನು ಮಾಡಬೇಕು? ಒಂದೇ ಸಲ ಲೀಟರ್ ಕುಡಿದ್ರೆ ಕಿಡ್ನಿ ಅದನ್ನ ಬೇಗ ಬೇಗ ಹೊರಗೆ ಹಾಕುತ್ತೆ. ಕಲ್ಲಾದವರಿಗೆ ಬೇಕಿರೋದು ಮೂತ್ರ ದಿನವಿಡೀ ತೆಳುವಾಗಿರೋದು, ರಾತ್ರಿ ಎರಡು ಗಂಟೆ ಮಾತ್ರ ಅಲ್ಲ. ಆ ಬುಧವಾರದ ಲೆಕ್ಕವನ್ನೇ ಮತ್ತೆ ನೋಡಿ. ಪೂರ್ತಿ ಸೇರಿಸಿದ್ರೆ 2750, ಗುರಿಗೆ ಒಂದು ಲೋಟ ಕಡಿಮೆ ಅಷ್ಟೇ. ಆದ್ರೆ ಊಟ ಮುಗಿದ ಮೇಲೆ ಲ್ಯಾಬ್ ಬಿಟ್ಟು ಐದೂವರೆ ಆಗೋವರೆಗೆ ನಾಲ್ಕು ತಾಸು ಒಂದು ಹನಿ ಇಲ್ಲ. ಅವನ ಸಮಸ್ಯೆ ಇರೋದು ಅಲ್ಲಿ. ಮೊತ್ತ ಅದನ್ನ ಮುಚ್ಚಿಹಾಕುತ್ತೆ.

ಅದಕ್ಕೆ ಈಗ ಅವನ ಬಾಟ್ ಮಧ್ಯಾಹ್ನ ಮೂರೂವರೆಗೆ, ಲ್ಯಾಬಿನ ನಡುವೆ, ಇನ್ನೊಂದು ಸಾಲು ಕಳಿಸುತ್ತೆ: ಕೊನೆಯ ಲೋಟ ಎಷ್ಟು ಹೊತ್ತಿಗೆ, ಬೆಳಗಿನಿಂದ ಎಷ್ಟು. ಆಗ ಎದ್ದು ಹೋಗಿ ಕುಡಿದು ಬರಬಹುದು, ಯಾವ ಲ್ಯಾಬ್ ಇನ್‌ಚಾರ್ಜೂ ಬೇಡ ಅನ್ನಲ್ಲ. ರಾತ್ರಿಯ ಮೊತ್ತ ಈಗಲೂ ಬರುತ್ತೆ, ಆದ್ರೆ ಅದನ್ನ ನೋಡಿ ಬಾಟಲಿ ಎತ್ತೋದು ಬಿಟ್ಟಿದ್ದಾನೆ. ಗುರಿ ಮುಟ್ಟಿದೆಯೋ ಇಲ್ಲವೋ ಅನ್ನೋದಕ್ಕೆ ಮೂತ್ರದ ಬಣ್ಣ ನೋಡ್ತಾನೆ, ತೆಳು ಹಳದಿ ಇದ್ರೆ ಸರಿ.

ಉಳಿದಿರೋದು ಮೆಸ್ಸಿನ ಮಜ್ಜಿಗೆ. ಅದರಲ್ಲಿ ಮುಕ್ಕಾಲು ನೀರೇ ಅಲ್ವಾ, 250 ಅಂತ ಹಾಕಬೇಕು ಅಂತ ಅವನು. ನಮ್ಮ ಮೆಸ್ಸಿನ ಮಜ್ಜಿಗೆ ಆದ್ರೆ ಪೂರ್ತಿ ನೀರು ಅಂತಲೇ ಹಾಕು ಅಂತ ನಾನು.