ಅರ್ಥ ಹೇಳುವ ಮೊದಲು ಯಾರಿಗೆ ಅರ್ಥವಾಗಲಿಲ್ಲ ಎಂದು ನೋಡೋಣ

ಬೋಧನಾಭ್ಯಾಸಕ್ಕೆಂದು ನಾನು ಹೋಗಿದ್ದ ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಇದ್ದಳು. ಗ್ರಂಥಾಲಯದ ಒಂದು ಕನ್ನಡ ಕಾದಂಬರಿಯನ್ನು ಉಳಿದ ಮಕ್ಕಳು ಸರದಿಯಲ್ಲಿ ಮನೆಗೆ ಒಯ್ದು ಓದುತ್ತಿದ್ದರು. ಅವಳಿಗೂ ಅದು ಸಿಗಲೆಂದು ನಾವು ಮೂವರು ಪ್ರಶಿಕ್ಷಣಾರ್ಥಿಗಳು ಮೊಬೈಲಿನಲ್ಲಿ ಓದಿ ಧ್ವನಿಮುದ್ರಿಸಲು ಹೊರಟೆವು. ಇಬ್ಬರು ಕನ್ನಡ ವಿಷಯದವರು ಓದುವುದು, ವಿಜ್ಞಾನದವಳಾದ ನಾನು ಓದುಪ್ರತಿ ಸಿದ್ಧಮಾಡುವುದು ಎಂದು ಕೆಲಸ ಹಂಚಿಕೊಂಡೆವು. ಕಾದಂಬರಿಯಲ್ಲಿ ಅಲ್ಲಲ್ಲಿ ಇಂಗ್ಲಿಷ್ ಮಾತುಗಳಿದ್ದವು, ಪರದೇಶದ ಹೆಸರುಗಳಿದ್ದವು. ‘ಇಂಗ್ಲಿಷ್ ಇರೋದನ್ನೆಲ್ಲ ನೀನೇ ನೋಡ್ಕೋ’ ಎಂದು ಗೆಳತಿಯರು ಪುಸ್ತಕವನ್ನು ನನ್ನ ಕೈಗಿಟ್ಟರು.

ನಾನು ಸುಲಭದ ದಾರಿ ಹಿಡಿದೆ. ಮಕ್ಕಳು ಕನ್ನಡ ಮಾಧ್ಯಮದವರು, ಆದ್ದರಿಂದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಬರೆದುಬಿಟ್ಟೆ. ಅದು ತಪ್ಪು ಎಂದು ಒಂದು ಸನ್ನಿವೇಶದಲ್ಲಿ ಗೊತ್ತಾಯಿತು. ಪಾತ್ರಗಳನ್ನೂ ಮಾತನ್ನೂ ಬದಲಿಸಿ ಅದನ್ನು ಇಲ್ಲಿ ಹೇಳುತ್ತೇನೆ. ಕಾಫಿ ತೋಟದ ಬಿಳಿಯ ದೊರೆಯ ಮುಂದೆ ಒಬ್ಬ ರೈತ ನಿಂತಿದ್ದಾನೆ. ದೊರೆ ಕಾಗದ ನೋಡುತ್ತ ಇಂಗ್ಲಿಷಿನಲ್ಲಿ ‘ದಿಸ್ ಲ್ಯಾಂಡ್ ಈಸ್ ನೋ ಲಾಂಗರ್ ಯುವರ್ಸ್’ ಎನ್ನುತ್ತಾನೆ. ರೈತ ಕೈಮುಗಿದು ನಗುತ್ತಾನೆ, ಸಂತೋಷದಿಂದ ಮನೆಗೆ ಬರುತ್ತಾನೆ. ಎರಡು ಪುಟಗಳ ನಂತರ ಶಾಲೆಗೆ ಹೋಗುವ ಮಗ ಆ ಮಾತಿನ ಅರ್ಥ ಬಿಡಿಸಿ ಹೇಳುತ್ತಾನೆ. ನಮ್ಮ ಧ್ವನಿಮುದ್ರಣದಲ್ಲಿ ದೊರೆ ನೇರವಾಗಿ ಕನ್ನಡದಲ್ಲೇ ‘ಈ ಜಮೀನು ಇನ್ನು ನಿನ್ನದಲ್ಲ’ ಎಂದಿದ್ದ.

ಮಾರನೆಯ ದಿನ ಆ ಹುಡುಗಿ ನನ್ನನ್ನು ಕೇಳಿದಳು: ‘ಮಿಸ್, ಜಮೀನು ಹೋಯ್ತು ಅಂತ ಹೇಳಿದ್ರೂ ಅವನು ಯಾಕೆ ನಗ್ತಾನೆ? ಅವನು ಪೆದ್ದನಾ?’

ಕಾದಂಬರಿಕಾರರ ರೈತ ಪೆದ್ದನಾಗಿರಲಿಲ್ಲ. ಅವನನ್ನು ಪೆದ್ದನನ್ನಾಗಿ ಮಾಡಿದ್ದು ನನ್ನ ಅನುವಾದ. ಮುದ್ರಿತ ಪುಟದಲ್ಲಿ ಆ ವಾಕ್ಯ ರೋಮನ್ ಲಿಪಿಯಲ್ಲಿದೆ. ಓದುವ ಮಗುವಿಗೆ ಅದು ತಿಳಿಯದಿದ್ದರೆ ಅದೂ ರೈತನ ಪಕ್ಕದಲ್ಲೇ ನಿಂತಿರುತ್ತದೆ, ಮಗ ಹೇಳಿದಾಗ ಅವನ ಜೊತೆಗೇ ಬೆಚ್ಚುತ್ತದೆ. ತರಗತಿಯ ಉಳಿದವರಿಗೆ ಸಿಕ್ಕಿದ್ದ ಈ ಅನುಭವ ಇವಳೊಬ್ಬಳಿಗೆ ನಮ್ಮಿಂದಾಗಿ ತಪ್ಪಿತು.

ಆದ್ದರಿಂದ ನನ್ನ ಅಭಿಪ್ರಾಯ ಇದು. ಓದುಪ್ರತಿ ಮಾಡುವವರು ಇಂಗ್ಲಿಷ್ ಮಾತು ಕಂಡಾಗ ಮೊದಲು ಅದರ ಅರ್ಥದ ಕಡೆ ಹೋಗಬಾರದು. ಆ ಮಾತನ್ನು ಯಾರು ಆಡಿದರು, ಯಾರು ಕೇಳಿಸಿಕೊಂಡರು, ಕೇಳಿದವರಿಗೆ ಅದು ತಿಳಿಯಿತೇ ಎಂಬುದನ್ನು ನೋಡಬೇಕು. ಕೇಳಿದ ಪಾತ್ರಕ್ಕೆ ತಿಳಿಯದಿದ್ದರೆ ಇಂಗ್ಲಿಷನ್ನು ಹಾಗೆಯೇ ಓದಬೇಕು, ಅರ್ಥ ಸೇರಿಸಲೇಬಾರದು. ಕಾದಂಬರಿಕಾರರೇ ಮುಂದಿನ ವಾಕ್ಯದಲ್ಲಿ ಅರ್ಥ ಹೊಳೆಯುವಂತೆ ಬರೆದಿದ್ದರೂ ಹಾಗೆಯೇ ಓದಬೇಕು. ಮೂರನೆಯ ಬಗೆಯಲ್ಲಿ ಮಾತ್ರ ನಮ್ಮ ನೆರವು ಬೇಕು. ಪಾತ್ರಗಳಿಗೆಲ್ಲ ತಿಳಿದಿದೆ, ಕಥೆ ಮುಂದುವರಿಯಲು ಆ ಮಾತು ಗೊತ್ತಿರಲೇಬೇಕು, ಆದರೆ ಪುಸ್ತಕದಲ್ಲಿ ಎಲ್ಲೂ ಅದರ ಕನ್ನಡ ಇಲ್ಲ ಎನ್ನುವಂಥ ಸಂದರ್ಭ ಅದು. ಆಗಲೂ ಇಂಗ್ಲಿಷನ್ನು ಪೂರ್ತಿ ಓದಿ, ‘ಓದುವವರ ಟಿಪ್ಪಣಿ’ ಎಂದು ಹೇಳಿ, ಒಂದೇ ವಾಕ್ಯದಲ್ಲಿ ಅರ್ಥ ಕೊಟ್ಟು, ‘ಟಿಪ್ಪಣಿ ಮುಗಿಯಿತು’ ಎನ್ನಬೇಕು. ಯಾವುದು ಲೇಖಕರ ಮಾತು, ಯಾವುದು ನಮ್ಮದು ಎಂಬ ಗೆರೆ ಕಿವಿಗೆ ಕೇಳಿಸಬೇಕು. ಲೇಖಕರ ಅಡಿಟಿಪ್ಪಣಿಯನ್ನೂ ಹೀಗೆಯೇ ಶುರು ಮತ್ತು ಕೊನೆ ಹೇಳಿ ಓದಬಹುದು. ಆದರೆ ಅದನ್ನು ‘ಅಡಿಟಿಪ್ಪಣಿ’ ಎಂದೇ ಕರೆಯಬೇಕು.

ನಮ್ಮ ಮಾರ್ಗದರ್ಶಕ ಶಿಕ್ಷಕರೊಬ್ಬರು ಇದನ್ನು ಒಪ್ಪಲಿಲ್ಲ. ‘ಮಗು ಅರ್ಧಕ್ಕೇ ಕೇಳೋದು ಬಿಟ್ಟುಬಿಟ್ಟರೆ ನಿಮ್ಮ ನಿಷ್ಠೆಯಿಂದ ಏನು ಬಂತಮ್ಮ?’ ಎಂದರು. ಆ ಭಯ ಸುಳ್ಳಲ್ಲ. ಇಡೀ ಪುಟ ಇಂಗ್ಲಿಷಿನಲ್ಲಿರುವ ಒಂದು ಕಾಗದ ಬಂದರೆ ಎಲ್ಲವನ್ನೂ ಓದಿ ಮತ್ತೆ ಎಲ್ಲದರ ಅರ್ಥ ಹೇಳುವುದು ಕೇಳುವವರ ತಾಳ್ಮೆಗೆ ಮೀರಿದ್ದು. ಅಲ್ಲಿ ಇಂಗ್ಲಿಷನ್ನು ಪೂರ್ತಿ ಓದಿ, ಸಾರಾಂಶವನ್ನು ಬೇರೆ ಫೈಲಿನಲ್ಲಿ ಕೊಡುವುದು ನಾವು ಕಂಡುಕೊಂಡ ದಾರಿ. ಬೇಕಾದವರು ಅದನ್ನು ಕೇಳಲಿ. ಆದರೆ ಒಂದು ಸಾಲಿನ ಮಾತಿಗೆ ಹೆದರಿ ಇಂಗ್ಲಿಷನ್ನೇ ತೆಗೆದುಹಾಕುವುದನ್ನು ನಾನು ಒಪ್ಪಲಾರೆ.

ಹಾಗೆಯೇ ಓದುವುದು ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕನ್ನಡದಲ್ಲಿ ‘ಎಂದ’, ‘ಎಂದಳು’ ಎಂಬುದು ಬಹುಮಟ್ಟಿಗೆ ಮಾತಿನ ಕೊನೆಗೆ ಬರುತ್ತದೆ. ಪುಟದಲ್ಲಿ ಉದ್ಧರಣ ಚಿಹ್ನೆ ಕಣ್ಣಿಗೆ ಬೀಳುವುದರಿಂದ ತೊಂದರೆಯಿಲ್ಲ. ಕಿವಿಗೆ ಆ ಚಿಹ್ನೆ ಇಲ್ಲ. ಕನ್ನಡ ವಾಕ್ಯದ ನಡುವೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಕೇಳಿಬರುತ್ತದೆ, ಅದು ಯಾರದೆಂದು ತಿಳಿಯುವುದು ಮುಗಿದ ಮೇಲೆ. ನಾವು ವಾಕ್ಯದ ಕ್ರಮವನ್ನು ಬದಲಿಸಲಿಲ್ಲ. ಓದುಪ್ರತಿಯಲ್ಲಿ ಇಂಗ್ಲಿಷ್ ಮಾತಿನ ಮೊದಲು ಎರಡು ಓರೆಗೆರೆ, ಕೊನೆಗೆ ಒಂದು ಓರೆಗೆರೆ ಹಾಕಿದೆವು. ಎರಡು ಗೆರೆಗೆ ಸುಮಾರು ಒಂದು ಸೆಕೆಂಡ್ ನಿಲ್ಲುವುದು, ಒಂದಕ್ಕೆ ಅದರ ಅರ್ಧ. ಅಂಚಿನಲ್ಲಿ ಪೆನ್ಸಿಲಿನಿಂದ ‘ದೊರೆ’ ಎಂದು ಮಾತಾಡುವವನ ಹೆಸರು ಬರೆದೆವು. ಓದುವವಳಿಗೆ ಮೊದಲೇ ಗೊತ್ತಿದ್ದರೆ ಧ್ವನಿ ತಾನಾಗಿ ಸ್ವಲ್ಪ ಬದಲಾಗುತ್ತದೆ, ನಾಟಕದಂತೆ ಅನುಕರಿಸಬೇಕಾಗಿಲ್ಲ.

ಇಂಗ್ಲಿಷ್ ವಾಕ್ಯಗಳನ್ನು ಓದುಪ್ರತಿಯಲ್ಲಿ ಯಾವ ಲಿಪಿಯಲ್ಲಿ ಬರೆಯಬೇಕು ಎಂಬ ಪ್ರಶ್ನೆಯೂ ಬಂತು. ಮೊದಲು ಎಲ್ಲವನ್ನೂ ಕನ್ನಡ ಅಕ್ಷರಗಳಲ್ಲಿ ಬರೆದೆ. ಗೆಳತಿ ಅದನ್ನು ಒಂದೊಂದು ಅಕ್ಷರಕ್ಕೂ ಸಮನಾದ ಒತ್ತು ಕೊಟ್ಟು, ಮಗ್ಗಿ ಹೇಳಿದಂತೆ ಓದಿದಳು. ಕಾರಣವಿದೆ. ಉಡುಗೊರೆ ಎಂಬ ಅರ್ಥದ ‘ಪ್ರೆಸೆಂಟ್’ಗೆ ಒತ್ತು ಮೊದಲ ಭಾಗದ ಮೇಲೆ, ಒಪ್ಪಿಸು ಎಂಬ ಅರ್ಥದ ಅದೇ ಪದಕ್ಕೆ ಒತ್ತು ಎರಡನೆಯ ಭಾಗದ ಮೇಲೆ. ಕನ್ನಡ ಅಕ್ಷರ ಈ ವ್ಯತ್ಯಾಸ ತೋರಿಸುವುದಿಲ್ಲ. ಆಮೇಲೆ ವಾಕ್ಯವನ್ನು ರೋಮನ್ ಲಿಪಿಯಲ್ಲೇ ಉಳಿಸಿ, ಅನುಮಾನ ಬರುವ ಪದದ ಮೇಲೆ ಮಾತ್ರ ಕನ್ನಡದಲ್ಲಿ ಬರೆದು, ಒತ್ತು ಬೀಳುವ ಭಾಗಕ್ಕೆ ಅಡಿಗೆರೆ ಎಳೆದೆ. ಓದು ಸರಾಗವಾಯಿತು.

ಹೆಸರುಗಳ ವಿಷಯದಲ್ಲಿ ನಮ್ಮ ತಪ್ಪು ಬೇರೆ ರೀತಿಯದು. ಅಧ್ಯಾಯಗಳನ್ನು ಇಬ್ಬರು ಹಂಚಿಕೊಂಡು ಓದಿದ್ದರಿಂದ ಫ್ರೆಂಚ್ ಪಾತ್ರವೊಂದು ಒಂದು ಅಧ್ಯಾಯದಲ್ಲಿ ‘ಮಿಷೆಲ್’, ಇನ್ನೊಂದರಲ್ಲಿ ‘ಮೈಕೆಲ್’ ಆಯಿತು. ಆ ಹುಡುಗಿ ಅವರನ್ನು ಇಬ್ಬರು ಎಂದುಕೊಂಡು ಕಥೆ ಕೇಳುತ್ತಿದ್ದಳು. ಹಾಗಾದರೆ ಮೂಲ ಭಾಷೆಯ ಉಚ್ಚಾರಣೆ ಹುಡುಕಿ ಸರಿಪಡಿಸಿದರೆ ಸಾಕೇ? ಸಾಲದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹೆಸರನ್ನೇ ನೋಡಿ. ಅದು ಪೋರ್ಚುಗೀಸ್ ಮೂಲದ ಮನೆತನದ ಹೆಸರು, ಆ ಭಾಷೆಯಲ್ಲಿ ಓಕ್ ಮರ ಎಂಬ ಅರ್ಥ. ಪೋರ್ಚುಗಲ್ಲಿನವರ ಬಾಯಲ್ಲಿ ಅದು ಸುಮಾರಾಗಿ ‘ಕರ್ವಾಲ್ಯು’ ಎಂದು ಕೇಳಿಸುತ್ತದೆ. ಅದೇ ಸರಿ ಎಂದು ಯಾರಾದರೂ ಕಾದಂಬರಿಯುದ್ದಕ್ಕೂ ಹಾಗೆ ಓದಿದರೆ, ಕೇಳುವವರಿಗೆ ಆ ವಿಜ್ಞಾನಿ ಅಪರಿಚಿತನಾಗುತ್ತಾನೆ. ಲೇಖಕರು ಕನ್ನಡ ಅಕ್ಷರದಲ್ಲಿ ಬರೆದ ಹೆಸರು ಆಗಲೇ ತೀರ್ಮಾನವಾದ ಉಚ್ಚಾರಣೆ. ಅದನ್ನು ತಿದ್ದುವ ಅಧಿಕಾರ ಓದುವವರಿಗಿಲ್ಲ. ಹಳ್ಳಿಯ ಪಾತ್ರವೊಂದು ಪರದೇಶದ ಹೆಸರನ್ನು ತಿರುಚಿ ಹೇಳಿದ್ದರೆ ಆ ತಿರುಚನ್ನೂ ಉಳಿಸಬೇಕು. ಹೆಸರು ಪುಸ್ತಕದುದ್ದಕ್ಕೂ ರೋಮನ್ ಲಿಪಿಯಲ್ಲೇ ಇದ್ದರೆ ಮಾತ್ರ ಅದು ಯಾವ ಭಾಷೆಯ ಹೆಸರೆಂದು ನೋಡಿ, ತಿಳಿದವರನ್ನು ಕೇಳಿ, ಒಂದು ರೂಪ ನಿಶ್ಚಯಿಸಬೇಕು.

ಇದಕ್ಕೆ ಧ್ವನಿಮುದ್ರಣಕ್ಕೆ ಮೊದಲೇ ಒಂದು ಹೆಸರಿನ ಪಟ್ಟಿ ಬೇಕು. ಮುದ್ರಿತ ರೂಪ, ಮೊದಲು ಬಂದ ಪುಟ, ಓದಬೇಕಾದ ರೂಪ, ಯಾವ ಕಾರಣಕ್ಕೆ ಎಂಬ ನಾಲ್ಕು ಅಂಕಣ ಸಾಕು. ನಾವು ಇದನ್ನು ಕೊನೆಯಲ್ಲಿ ಮಾಡಿದ್ದರಿಂದ ನಾಲ್ಕು ಅಧ್ಯಾಯಗಳನ್ನು ಮತ್ತೆ ಓದಬೇಕಾಯಿತು. ಪಟ್ಟಿಗೆ ಇನ್ನೊಂದು ಉಪಯೋಗವೂ ಇದೆ. ಕಿವಿಯಿಂದ ಮಾತ್ರ ಹೆಸರು ಕಲಿತ ಮಗುವಿಗೆ ಅದರ ಕಾಗುಣಿತ ಗೊತ್ತಿರುವುದಿಲ್ಲ, ಬ್ರೈಲಿನಲ್ಲಿ ಬರೆಯುವಾಗ ತಡವರಿಸುತ್ತದೆ. ಅದಕ್ಕಾಗಿ ಹೆಸರುಗಳನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದ ಪುಟ್ಟ ಫೈಲೊಂದನ್ನು ಕೊನೆಗೆ ಸೇರಿಸಿದೆವು. ಅವಳು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಅದನ್ನೇ.

ಮಾಡಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಪುಸ್ತಕ ಓದಿರದ ಒಬ್ಬರಿಗೆ ಎರಡು ಪುಟದಷ್ಟು ಕೇಳಿಸಿ ಮೂರು ಪ್ರಶ್ನೆ ಕೇಳುತ್ತಿದ್ದೆವು: ಇಂಗ್ಲಿಷ್ ಮಾತಾಡಿದ್ದು ಯಾರು, ಅದು ಎಲ್ಲಿಗೆ ಮುಗಿಯಿತು, ಎದುರಿಗಿದ್ದವನಿಗೆ ತಿಳಿಯಿತೇ? ಒಂದಕ್ಕೆ ಉತ್ತರ ತಪ್ಪಿದರೂ ಆ ಭಾಗವನ್ನು ಮತ್ತೆ ಓದುತ್ತಿದ್ದೆವು. ಪುಸ್ತಕ ಓದಿದವರೇ ಪರೀಕ್ಷಿಸಿದರೆ ತಪ್ಪು ಸಿಗುವುದಿಲ್ಲ, ಅವರ ಕಣ್ಣಿನಲ್ಲಿ ಪುಟ ಇನ್ನೂ ಇರುತ್ತದೆ.

ಇಲ್ಲಿ ಕಾನೂನಿನ ಒಂದು ಮಾತು. ಅಂಗವಿಕಲರಿಗೆ ಓದು ಸಿಗುವಂತೆ ಮಾಡಲು ಕೃತಿಯನ್ನು ಬೇರೆ ರೂಪಕ್ಕೆ ತರುವುದನ್ನು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಒಪ್ಪುತ್ತದೆ. ಆ ಒಪ್ಪಿಗೆ ಇರುವುದು ಅಂಥ ಓದುಗರಿಗಾಗಿ. ಅದೇ ಧ್ವನಿಮುದ್ರಣವನ್ನು ಎಲ್ಲರೂ ಕೇಳಲೆಂದು ಯೂಟ್ಯೂಬಿಗೆ ಹಾಕುವುದಕ್ಕೆ ಲೇಖಕರ ಅಥವಾ ಹಕ್ಕುದಾರರ ಅನುಮತಿ ಬೇಕು. ನಮ್ಮ ಫೈಲುಗಳು ಆ ವಿದ್ಯಾರ್ಥಿನಿಯ ಮೆಮೊರಿ ಕಾರ್ಡಿನಲ್ಲೇ ಉಳಿದಿವೆ.

ದೊರೆಯ ಸನ್ನಿವೇಶವನ್ನು ಮತ್ತೆ ಓದಿ ಕೊಟ್ಟೆವು. ಈ ಸಲ ದೊರೆಯ ಮಾತು ಇಂಗ್ಲಿಷಿನಲ್ಲೇ ಇತ್ತು, ಅರ್ಥ ಹೇಳಲಿಲ್ಲ. ಕೇಳಿ ಮುಗಿಸಿದ ಮೇಲೆ ಅವಳು ಹೇಳಿದ್ದು ಇಷ್ಟೇ: ‘ಪಾಪ ಮಿಸ್, ಅವನಿಗೆ ಗೊತ್ತೇ ಆಗಿರ್ಲಿಲ್ಲ. ನಂಗೂ ಆಗಿರ್ಲಿಲ್ಲ.’

ನಮ್ಮ ಬೋಧನಾಭ್ಯಾಸದಲ್ಲಿ ವಾಚನ ಕೌಶಲಕ್ಕೆ ಅಂಕ ಕೊಡುವಾಗ ಸ್ಪಷ್ಟತೆ, ವೇಗ, ಏರಿಳಿತ ನೋಡುತ್ತಾರೆ. ಮುಂದಿನ ವರ್ಷದಿಂದ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಇಂಗ್ಲಿಷ್ ಮಾತಿರುವ ಒಂದು ಕನ್ನಡ ಪುಟಕ್ಕೆ ಓದುಪ್ರತಿ ಮಾಡಿ, ಪ್ರತಿ ಇಂಗ್ಲಿಷ್ ವಾಕ್ಯದ ಪಕ್ಕ ‘ಕೇಳಿದವರಿಗೆ ತಿಳಿಯಿತೇ?’ ಎಂಬುದಕ್ಕೆ ಉತ್ತರ ಬರೆದು ದಾಖಲೆ ಪುಸ್ತಕದಲ್ಲಿ ಸೇರಿಸಲಿ ಎಂಬುದು ನನ್ನ ಕೋರಿಕೆ. ವಿಜ್ಞಾನದವರನ್ನು ಇದರಿಂದ ಬಿಡಬೇಡಿ. ತಪ್ಪು ಮಾಡಿದ್ದು ವಿಜ್ಞಾನದವಳೇ.