ಒಂದು ಕ್ಷಾಮ, ಮೂರು ಬರಹ

1943ರ ಬಂಗಾಳದ ಕ್ಷಾಮದ ಬಗ್ಗೆ ಪ್ರಕಟವಾಗಿರುವ ವಿದ್ವತ್ ಬರಹಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಸಂಶೋಧನೆಗೆ ಇಳಿಯುವ ಯಾರಿಗಾದರೂ ಒಳ್ಳೆಯ ಪಾಠ. ಸರ್ಕಾರ ನೇಮಿಸಿದ ವಿಚಾರಣಾ ಆಯೋಗ 1945ರಲ್ಲಿ ಸತ್ತವರು ಸುಮಾರು 15 ಲಕ್ಷ ಎಂದಿತು. ಅಮರ್ತ್ಯ ಸೇನ್ ಅವರ ಲೆಕ್ಕ ಅದರ ಇಮ್ಮಡಿ, ಅಂದರೆ 30 ಲಕ್ಷದ ಹತ್ತಿರ. ಈ ಸಾವುಗಳಿಗೆ ಕಾರಣವೇನೆಂದು ಜಲವಿಜ್ಞಾನಿಗಳು ಕೇಳಿದ್ದಾರೆ, ಅರ್ಥಶಾಸ್ತ್ರಜ್ಞರು ಕೇಳಿದ್ದಾರೆ, ಇತಿಹಾಸಕಾರರೂ ಕೇಳಿದ್ದಾರೆ. ಪ್ರಶ್ನೆ ಒಂದೇ. ಆದರೆ ಮೂವರ ಬರಹದ ಕಟ್ಟು, ದನಿ, ಅವರು ಮುಂದಿಡುವ ಪುರಾವೆ ಒಂದಕ್ಕೊಂದು ಹೋಲುವುದಿಲ್ಲ.

ಈ ವ್ಯತ್ಯಾಸವನ್ನು ಬರೀ ಶೈಲಿಯ ಅಭ್ಯಾಸವೆಂದು ತಿಳಿಯುವವರು ಬಹಳ. ನನ್ನ ದೃಷ್ಟಿಯಲ್ಲಿ ಅದು ಶೈಲಿಯ ವಿಷಯವೇ ಅಲ್ಲ. ಬರೆದವನು ತಪ್ಪಿದ್ದರೆ ಅವನನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ಓದುಗನಿಗೆ ತೋರಿಸಿಕೊಡುವ ಕ್ರಮ ಅದು. ಒಂದೊಂದು ಶಾಸ್ತ್ರದಲ್ಲಿ ತಪ್ಪು ಒಂದೊಂದು ಜಾಗದಲ್ಲಿ ಅಡಗಿರುತ್ತದೆ, ಹಾಗಾಗಿ ಬರಹದ ರೂಪವೂ ಬೇರೆಯಾಗುತ್ತದೆ.

ಮೊದಲು ವಿಜ್ಞಾನದ ಬರಹ. ಐಐಟಿ ಗಾಂಧಿನಗರದ ವಿಮಲ್ ಮಿಶ್ರಾ ಮತ್ತು ಸಂಗಡಿಗರು 2019ರಲ್ಲಿ ‘ಜಿಯೋಫಿಸಿಕಲ್ ರಿಸರ್ಚ್ ಲೆಟರ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1870ರಿಂದ 2016ರವರೆಗಿನ ಮಳೆ ಮತ್ತು ಉಷ್ಣತೆಯ ದಾಖಲೆಗಳನ್ನು ಒಂದು ಗಣಕ ಮಾದರಿಗೆ ಕೊಟ್ಟು, ಆಯಾ ವರ್ಷ ಮಣ್ಣಿನಲ್ಲಿ ಎಷ್ಟು ತೇವ ಇದ್ದಿರಬೇಕು ಎಂದು ಅವರು ಲೆಕ್ಕ ಹಾಕಿದರು. ಆ ಅವಧಿಯ ಆರು ದೊಡ್ಡ ಕ್ಷಾಮಗಳಲ್ಲಿ ಐದರ ಹಿಂದೆ ಮಣ್ಣು ಒಣಗಿದ್ದು ಕಂಡಿತು. 1943ರ ಕ್ಷಾಮದ ಹಿಂದೆ ಕಾಣಲಿಲ್ಲ.

ಇಂಥ ಪ್ರಬಂಧ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಕೋಣೆಗಳಲ್ಲಿ ಕೂರುತ್ತದೆ. ಯಾವ ಕೋಣೆಯಲ್ಲಿ ಏನಿರಬೇಕು ಎಂಬುದು ಮೊದಲೇ ಗೊತ್ತಿರುವುದರಿಂದ ಪರಿಣತ ಓದುಗ ಮೊದಲಿಂದ ಕೊನೆಯವರೆಗೆ ಓದುವುದಿಲ್ಲ. ಸಾರಾಂಶ ನೋಡಿ, ಚಿತ್ರಗಳನ್ನು ನೋಡಿ, ಅನುಮಾನ ಬಂದರೆ ನೇರವಾಗಿ ವಿಧಾನಕ್ಕೆ ಹೋಗುತ್ತಾನೆ. ಯಾವ ಮಳೆಮಾಪನ ಕೇಂದ್ರಗಳ ದಾಖಲೆ, ಯಾವ ಮಾದರಿ, ಬರ ಎನ್ನಲು ಮಣ್ಣಿನ ತೇವ ಎಷ್ಟು ಇಳಿದಿರಬೇಕು ಎಂಬುದೆಲ್ಲ ಅಲ್ಲಿರಬೇಕು. ತಪ್ಪಿದ್ದರೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ‘ಲೆಕ್ಕ ಹಾಕಲಾಯಿತು’ ಎಂಬಂಥ, ಕರ್ತೃ ಕಾಣಿಸದ ವಾಕ್ಯಗಳು ಇಲ್ಲಿ ಬೆಳೆದು ಬಂದದ್ದಕ್ಕೂ ಇದೇ ಕಾರಣ. ಯಾರು ಲೆಕ್ಕ ಹಾಕಿದರೂ ಅದೇ ಉತ್ತರ ಬರಬೇಕು ಎಂಬುದು ವಿಜ್ಞಾನದ ಪಣ. ಈಚೆಗೆ ‘ನಾವು’ ಎಂದು ಬರೆಯುವುದು ಸಾಮಾನ್ಯವಾಗಿದ್ದರೂ ಆ ಪಣ ಬದಲಾಗಿಲ್ಲ.

ಸೇನ್ ಅವರ ಬರಹದ ನಡೆ ಬೇರೆ. 1977ರಲ್ಲಿ ‘ಕೇಂಬ್ರಿಜ್ ಜರ್ನಲ್ ಆಫ್ ಎಕನಾಮಿಕ್ಸ್’ನಲ್ಲಿ ಮಂಡಿಸಿದ ವಾದವನ್ನು ಅವರು 1981ರ ‘ಪಾವರ್ಟಿ ಅಂಡ್ ಫ್ಯಾಮಿನ್ಸ್’ ಪುಸ್ತಕದಲ್ಲಿ ಬೆಳೆಸಿದರು. ಅಲ್ಲಿ ಅವರು ಮೊದಲು ಎದುರಾಳಿಯ ಮಾತನ್ನು ನಿಲ್ಲಿಸುತ್ತಾರೆ: ಅಕ್ಕಿ ಕಡಿಮೆಯಾಯಿತು, ಜನ ಸತ್ತರು. ಆಮೇಲೆ ಅಂಕಿಗಳಿಂದ ಅದನ್ನು ಅಲುಗಿಸುತ್ತಾರೆ. 1943ರಲ್ಲಿ ಬಂಗಾಳದಲ್ಲಿ ದೊರೆಯುತ್ತಿದ್ದ ಧಾನ್ಯ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇ. 5ರಷ್ಟು ಮಾತ್ರ ಕಡಿಮೆ, 1941ಕ್ಕಿಂತ ಶೇ. 13ರಷ್ಟು ಹೆಚ್ಚು. 1941ರಲ್ಲಿ ಕ್ಷಾಮವಿರಲಿಲ್ಲ. ಹಾಗಾದರೆ ಕೊರತೆಯೊಂದೇ ಕಾರಣವಾಗಲಾರದು.

ಇಷ್ಟಕ್ಕೆ ನಿಂತಿದ್ದರೆ ಅದು ಬರೀ ಖಂಡನೆ. ಸೇನ್ ಅದರ ಜಾಗದಲ್ಲಿ ತಮ್ಮದೇ ಸಿದ್ಧಾಂತವನ್ನು ಇಡುತ್ತಾರೆ: ಅಕ್ಕಿ ಇದ್ದರೂ ಅದನ್ನು ಪಡೆಯುವ ಶಕ್ತಿ ಕೆಲವರ ಕೈತಪ್ಪಿತು. 1942ರ ಡಿಸೆಂಬರಿನಲ್ಲಿ ಮಣಕ್ಕೆ 13–14 ರೂಪಾಯಿ ಇದ್ದ ಅಕ್ಕಿಯ ಸಗಟು ಬೆಲೆ ಮುಂದಿನ ಆಗಸ್ಟಿನಲ್ಲಿ 37 ರೂಪಾಯಿ ಮುಟ್ಟಿತು. ಕೂಲಿ ಹಾಗೆ ಏರಲಿಲ್ಲ. ಈ ಸಿದ್ಧಾಂತ ನಿಜವಾದರೆ ಹಸಿವು ಎಲ್ಲರನ್ನೂ ಒಂದೇ ಸಮ ಹೊಡೆದಿರಬಾರದು. ಕೂಲಿಕಾರರು, ಮೀನುಗಾರರು, ಭತ್ತ ಕುಟ್ಟಿ ಬದುಕುವವರು ಹೆಚ್ಚು ಕೆಡಬೇಕು, ಬೆಳೆಯಲ್ಲೇ ಪಾಲು ಪಡೆಯುವ ಗೇಣಿದಾರ ಅಷ್ಟು ಕೆಡಬಾರದು. ಕ್ಷಾಮದ ಬೆನ್ನಿಗೇ ಮಹಲನೋಬಿಸ್ ಮತ್ತು ಅವರ ಜೊತೆಗಾರರು ನಡೆಸಿದ ಹಳ್ಳಿ ಸಮೀಕ್ಷೆಯಲ್ಲಿ ಬಹುಪಾಲು ಹಾಗೆಯೇ ಕಂಡಿತು.

ಸಮಾಜವಿಜ್ಞಾನದ ಕಟ್ಟು ಇಲ್ಲಿ ಸ್ಪಷ್ಟವಾಗಿದೆ. ಪರಿಕಲ್ಪನೆಯೊಂದನ್ನು ವ್ಯಾಖ್ಯಾನಿಸುವುದು, ಪ್ರತಿಸ್ಪರ್ಧಿ ವಿವರಣೆಯನ್ನು ಎದುರಿಗಿಡುವುದು, ಎರಡರಲ್ಲಿ ಯಾವುದು ಹೆಚ್ಚು ಸಂಗತಿಗಳಿಗೆ ಹೊಂದುತ್ತದೆಂದು ಜನಜೀವನದ ಅಂಕಿಗಳಲ್ಲಿ ಪರೀಕ್ಷಿಸುವುದು. ಸೇನ್ ‘ನಾನು’ ಎಂದು ಹಿಂಜರಿಯದೆ ಬರೆಯುತ್ತಾರೆ, ಏಕೆಂದರೆ ಪರಿಕಲ್ಪನೆ ಅವರು ಆಯ್ದುಕೊಂಡದ್ದು. ಆದರೂ ಆ ‘ನಾನು’ ಕೋಷ್ಟಕಕ್ಕೆ ಬದ್ಧವಾದದ್ದು. ಗಣಿತದ ರೂಪದ ವಾದವನ್ನು ಅವರು ಪುಸ್ತಕದ ಅನುಬಂಧಕ್ಕೆ ಸರಿಸಿದ್ದಾರೆ. ಅದು ಪರೀಕ್ಷಿಸಬಯಸುವವನಿಗೆ, ಮುಖ್ಯ ಪಠ್ಯ ಎಲ್ಲರಿಗೆ. ಅವರನ್ನು ಎಲ್ಲಿ ಹಿಡಿಯಬೇಕೆಂಬುದೂ ಟೀಕಾಕಾರರಿಗೆ ಗೊತ್ತಿತ್ತು. ಆ ಕಾಲದ ಬೆಳೆ ಅಂದಾಜು ಕಣ್ಣಳತೆಯ ಮೇಲೆ ನಿಂತದ್ದು, ಅದನ್ನು ಎಷ್ಟು ನಂಬಬಹುದು ಎಂಬಲ್ಲಿಂದಲೇ ಅವರ ಟೀಕೆ ಹೊರಟಿತು.

ಮೂರನೆಯದು ಪಾಲ್ ಗ್ರೀನೋ 1982ರಲ್ಲಿ ಪ್ರಕಟಿಸಿದ ‘ಪ್ರಾಸ್ಪರಿಟಿ ಅಂಡ್ ಮಿಸರಿ ಇನ್ ಮಾಡರ್ನ್ ಬೆಂಗಾಲ್’. ಈ ಇತಿಹಾಸಕಾರ ಅಕ್ಕಿಯ ಲೆಕ್ಕವನ್ನು ಬಿಡುವುದಿಲ್ಲ, ಆದರೆ ಅವರ ಮುಖ್ಯ ಪ್ರಶ್ನೆ ಬೇರೆ: ಹಸಿದವರು ಅಂಗಡಿಗಳನ್ನು ಏಕೆ ದೋಚಲಿಲ್ಲ, ಮನೆಯೊಳಗೆ ಯಾರು ಮೊದಲು ಕೈಬಿಡಲ್ಪಟ್ಟರು? ಉತ್ತರಕ್ಕಾಗಿ ಅವರು ಬಂಗಾಳಿಗಳ ಸಮೃದ್ಧಿಯ ಕಲ್ಪನೆಗೆ, ಲಕ್ಷ್ಮಿಗೆ, ಅನ್ನದಾತ ಎಂಬ ಸ್ಥಾನಕ್ಕೆ ಹೋಗುತ್ತಾರೆ. ಪೋಷಿಸಬೇಕಾದ ಒಡೆಯನೂ ಮನೆಯ ಯಜಮಾನನೂ ಆಶ್ರಿತರನ್ನು ದೂರ ಮಾಡಿದ್ದರ ಹಿಂದೆ ವಂಶ ಉಳಿಯಲೆಂಬ ಒಂದು ಕ್ರೂರ ತರ್ಕವಿತ್ತು ಎಂಬುದು ಅವರ ವಾದ. ಅಧ್ಯಾಯ ದಾಟಿದಂತೆ ಈ ವಾದ ಬೆಳೆಯುತ್ತದೆ. ಇದನ್ನು ಸಾರಾಂಶ ಮತ್ತು ಕೋಷ್ಟಕಗಳಲ್ಲಿ ಓದಿ ಮುಗಿಸಲಾಗದು, ಏಕೆಂದರೆ ಇಲ್ಲಿ ಪುರಾವೆ ಎಂದರೆ ಒಂದೊಂದು ಸಾಕ್ಷ್ಯವನ್ನು ಹೇಗೆ ಓದಿದರು ಎಂಬುದೇ. ಆ ಓದನ್ನು ಪೂರ್ತಿ ತೋರಿಸದಿದ್ದರೆ ಓದುಗನಿಗೆ ಒಪ್ಪಲೂ ಆಗದು, ನಿರಾಕರಿಸಲೂ ಆಗದು. ಇದು ಬಲಿಯಾದ ಸಮಾಜದ ಮೇಲೆಯೇ ದೋಷ ಹೊರಿಸುತ್ತದೆ ಎಂದು ಆಕ್ಷೇಪಿಸುವವನೂ ಆ ಸಾಕ್ಷ್ಯಗಳನ್ನು ಇನ್ನೊಂದು ರೀತಿ ಓದಿ ತೋರಿಸಬೇಕಾಗುತ್ತದೆ.

ಉಲ್ಲೇಖಿಸುವ ಪದ್ಧತಿಯನ್ನು ಗಮನಿಸಿದರೆ ಮೂರರ ವ್ಯತ್ಯಾಸ ಇನ್ನಷ್ಟು ಬಯಲಾಗುತ್ತದೆ. ವಿಜ್ಞಾನಿ ಮತ್ತೊಬ್ಬರ ವಾಕ್ಯವನ್ನು ಬಹುಮಟ್ಟಿಗೆ ಎತ್ತಿ ಬರೆಯುವುದಿಲ್ಲ. ಅವನಿಗೆ ಬೇಕಾದದ್ದು ಫಲಿತಾಂಶ, ಮಾತಲ್ಲ. ಸಮಾಜವಿಜ್ಞಾನಿ ವಾಕ್ಯದ ನಡುವೆಯೇ ಹೆಸರನ್ನೂ ವರ್ಷವನ್ನೂ ಇಡುತ್ತಾನೆ. ಯಾರ ವಾದ ಯಾವಾಗ ಬಂತು, ಯಾರು ಯಾರಿಗೆ ಉತ್ತರ ಕೊಟ್ಟರು ಎಂಬುದು ಅಲ್ಲಿ ಮುಖ್ಯ. ಇತಿಹಾಸಕಾರ ಅಡಿಟಿಪ್ಪಣಿಯಲ್ಲಿ ಕಡತ, ಪುಟ, ದಿನಾಂಕ ಕೊಡುತ್ತಾನೆ, ಏಕೆಂದರೆ ಅವನ ಪುರಾವೆ ಜಗತ್ತಿನಲ್ಲಿ ಒಂದೇ ಪ್ರತಿಯಲ್ಲಿ ಉಳಿದಿರಬಹುದು. ಬಂಗಾಳದ ವಿಚಾರಣಾ ಆಯೋಗದ ಮುಂದೆ ನುಡಿದ ಸಾಕ್ಷ್ಯಗಳ ದಾಖಲೆಯನ್ನು ನಾಶಮಾಡಬೇಕೆಂದು ತೀರ್ಮಾನವಾಗಿತ್ತು. ಆಯೋಗದ ಸದಸ್ಯ ಮಣಿಲಾಲ್ ನಾನಾವತಿ ತಮ್ಮ ಪ್ರತಿಯನ್ನು ಉಳಿಸಿಕೊಂಡರು. ಇಂದು ಇತಿಹಾಸಕಾರರು ‘ನಾನಾವತಿ ಪೇಪರ್ಸ್’ ಎಂದು ಅಡಿಟಿಪ್ಪಣಿ ಕೊಡುವುದು ಆ ಪ್ರತಿಗೆ. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಶಾಸನ ಸಂಪುಟ, ಸಂಖ್ಯೆಗಳನ್ನು ಕೊಡುತ್ತಾ ಹೋದದ್ದೂ ಓದುಗ ಅದೇ ಕಲ್ಲಿನ ಮುಂದೆ ನಿಂತು ತಕರಾರು ಎತ್ತುವಂತಾಗಲಿ ಎಂದೇ.

ಈ ಗಡಿಗಳು ಗಟ್ಟಿ ಗೋಡೆಗಳಲ್ಲ. ದಾಟುವಾಗ ಮಾತ್ರ ಎಚ್ಚರ ಬೇಕು. ಭತ್ತದ ರೋಗಗಳನ್ನು ಅಭ್ಯಾಸ ಮಾಡುತ್ತಿದ್ದ ಎಸ್. ವೈ. ಪದ್ಮನಾಭನ್ 1973ರಲ್ಲಿ ಈ ಕ್ಷಾಮದ ಬಗ್ಗೆ ಬರೆದರು. ಕ್ಷಾಮ ತಾರಕಕ್ಕೇರಿದ್ದಾಗ ಅವರು ಕೆಲಸಕ್ಕೆಂದು ಬಂಗಾಳಕ್ಕೆ ಹೋಗಿದ್ದರು. ದಾರಿಯುದ್ದಕ್ಕೂ ಕಂಡ ಹೆಣಗಳನ್ನೂ ಸಾಯುತ್ತಿದ್ದವರನ್ನೂ ವಿಜ್ಞಾನದ ಆ ಲೇಖನದಲ್ಲೇ ನೆನೆಯುತ್ತಾರೆ. ಆದರೆ ತಮ್ಮ ವಾದವನ್ನು ಆ ನೋಟದ ಮೇಲೆ ನಿಲ್ಲಿಸುವುದಿಲ್ಲ. ಬಾಂಕುರಾ ಮತ್ತು ಚಿನ್ಸುರಾ ಸಂಶೋಧನಾ ಕೇಂದ್ರಗಳಲ್ಲಿ 1941 ಮತ್ತು 1942ರಲ್ಲಿ ತಳಿತಳಿಗೂ ಬಂದ ಇಳುವರಿಯನ್ನು ಹೋಲಿಸಿ, ಕಂದು ಚುಕ್ಕೆ ರೋಗ ಬೆಳೆಯನ್ನು ತಿಂದುಹಾಕಿತು ಎನ್ನುತ್ತಾರೆ. ಕಂಡದ್ದು ಅವರ ಕಾಳಜಿಯ ಮೂಲ, ಅಳೆದದ್ದು ಅವರ ಪುರಾವೆ. ಈ ವಿವೇಕ ದೊಡ್ಡದು. ಎರಡು ಕೇಂದ್ರಗಳ ಇಳುವರಿಯಿಂದ ಇಡೀ ಪ್ರಾಂತ್ಯದ ಬೆಳೆಯನ್ನು ಹೇಳಬಹುದೇ ಎಂಬುದು ಅವರನ್ನು ಹಿಡಿಯಬೇಕಾದ ಜಾಗ.

2019ರ ಪ್ರಬಂಧವೂ ಒಂದು ಗಡಿ ದಾಟುತ್ತದೆ. 1943ರ ಕ್ಷಾಮ ಬರದಿಂದಲ್ಲ, ಆಡಳಿತ ನೀತಿಯ ಸೋಲಿನಿಂದ ಆಯಿತು ಎಂದು ಅದು ಹೇಳುತ್ತದೆ. ಮೊದಲ ಅರ್ಧಕ್ಕೆ ಪುರಾವೆ ಅವರ ಲೆಕ್ಕದಲ್ಲೇ ಇದೆ. ಎರಡನೆಯ ಅರ್ಧವನ್ನು ಮಣ್ಣಿನ ತೇವದ ಮಾದರಿ ಹೇಳಲಾರದು. ಅದು ಸರ್ಕಾರವನ್ನೂ ಕಾಣದು, ಎಲೆಯ ಮೇಲಿನ ಕಂದು ಚುಕ್ಕೆಯನ್ನೂ ಕಾಣದು. ಆ ಮಾತಿಗೆ ಬಲ ಬರಬೇಕಾದದ್ದು ಅರ್ಥಶಾಸ್ತ್ರಜ್ಞರ, ಇತಿಹಾಸಕಾರರ ಕೆಲಸದಿಂದ. ಮಾತು ಸರಿಯಿರಬಹುದು. ಆದರೆ ಓದುಗ ಅದನ್ನು ಮಾದರಿಯ ಫಲಿತಾಂಶವೆಂದು ಎಣಿಸಬಾರದು.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದಕ್ಕಿಂತ ದೊಡ್ಡ ಗೊಂದಲ ನಡೆಯುತ್ತಿದೆ. 2009ರ ಯುಜಿಸಿ ನಿಯಮಗಳು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಪಾಠವನ್ನು ಕಡ್ಡಾಯ ಮಾಡಿದವು. ಉದ್ದೇಶ ಒಳ್ಳೆಯದು. ಆದರೆ ಎಷ್ಟೋ ಕಡೆ ಎಲ್ಲ ಶಾಸ್ತ್ರಗಳಿಗೂ ಒಂದೇ ಅಚ್ಚು ಇಳಿದುಬಂದಿದೆ. ಸಾಹಿತ್ಯದ ಮಹಾಪ್ರಬಂಧದಲ್ಲೂ ‘ಪ್ರಾಕ್ಕಲ್ಪನೆ’ ಎಂಬ ತಲೆಬರಹದಡಿ ‘ಈ ಲೇಖಕರ ಕಾದಂಬರಿಗಳಲ್ಲಿ ನಿಸರ್ಗಕ್ಕೆ ಮುಖ್ಯ ಪಾತ್ರವಿದೆ’ ಎಂದು ಬರೆಯುತ್ತಾರೆ. ಮುನ್ನೂರು ಪುಟ ದಾಟಿದ ಮೇಲೆ ‘ಪ್ರಾಕ್ಕಲ್ಪನೆ ಸಾಬೀತಾಗಿದೆ’ ಎಂಬ ಸಮಾರೋಪ ಬರುತ್ತದೆ. ಇದು ಸುಳ್ಳಾಗುವ ಸಂಭವವಾದರೂ ಎಲ್ಲಿತ್ತು? 1943ರಲ್ಲಿ ಬಂಗಾಳದ ಮಣ್ಣು ಒಣಗಿರಬಹುದಿತ್ತು, ಹಾಗಾಗಿ ಆ ಪರೀಕ್ಷೆಗೆ ಅರ್ಥವಿತ್ತು. ಕಾದಂಬರಿಯ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ನಿಸರ್ಗ ಇದೆಯೇ ಎಂಬುದಲ್ಲ. ಈ ಪುಟದ ಈ ವಾಕ್ಯವನ್ನು ಹೀಗೆ ಓದಬಹುದೇ, ಹೀಗೆ ಓದಿದರೆ ಉಳಿದ ಕೃತಿ ಏನಾಗುತ್ತದೆ ಎಂಬುದು. ಅಚ್ಚು ತುಂಬುವ ಗಡಿಬಿಡಿಯಲ್ಲಿ ಆ ಓದೇ ನಡೆಯದೆ ಉಳಿಯುತ್ತದೆ. ಇನ್ನೊಂದು ತುದಿಯಲ್ಲಿ, ಸಮೀಕ್ಷೆ ಮಾಡಿದ ವಿದ್ಯಾರ್ಥಿ ಎಷ್ಟು ಜನರನ್ನು ಕೇಳಿದೆ, ಅವರನ್ನು ಹೇಗೆ ಆರಿಸಿದೆ ಎಂದು ಬರೆಯದೆ ಸುಂದರ ಗದ್ಯದಲ್ಲಿ ಸಮಾಜದ ಬಗ್ಗೆ ತೀರ್ಪು ಕೊಡುತ್ತಾನೆ.

ಎರಡೂ ದೋಷಗಳನ್ನು ಪತ್ತೆಹಚ್ಚಲು ಒಂದೇ ಪ್ರಶ್ನೆ ಸಾಕು: ಈ ವಾಕ್ಯ ತಪ್ಪಾಗಿದ್ದರೆ ಓದುಗ ಅದನ್ನು ಎಲ್ಲಿ ಹೋಗಿ ನೋಡಬೇಕು? ವಿಧಾನದಲ್ಲೇ, ಕೋಷ್ಟಕದಲ್ಲೇ, ಮೂಲ ಪಠ್ಯದ ಪುಟದಲ್ಲೇ? ಉತ್ತರ ಸಿಗದಿದ್ದರೆ ಬರಹದ ರೂಪ ವಿಷಯಕ್ಕೆ ಹೊಂದಿಲ್ಲವೆಂದೇ ಅರ್ಥ.

ಸಂಶೋಧನಾ ವಿಧಾನ ಕಲಿಸುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ. ಅಧ್ಯಾಯಗಳ ತಲೆಬರಹದ ಪಟ್ಟಿ ಹಂಚುವ ಮೊದಲು, ಒಂದೇ ಸಂಗತಿಯ ಮೇಲೆ ಮೂರು ಶಾಸ್ತ್ರದವರು ಬರೆದ ಮೂರು ಬರಹಗಳನ್ನು ವಿದ್ಯಾರ್ಥಿಗಳ ಕೈಗೆ ಕೊಡಿ. ಪ್ರತಿಯೊಂದರಲ್ಲೂ ಬರೆದವರನ್ನು ಎಲ್ಲಿ ಪ್ರಶ್ನಿಸಬಹುದೆಂದು ಅವರೇ ಗುರುತು ಹಾಕಲಿ. ತಮ್ಮ ಮಹಾಪ್ರಬಂಧದ ರೂಪವನ್ನು ಆಮೇಲೆ ನಿರ್ಧರಿಸಲಿ.