ಲೆಕ್ಕದ ಪುಟ: ಮೀಟರ್ ಓಡದ ಹೊತ್ತು

ದುಬೈನ ದೇರಾದಲ್ಲಿ ನಮ್ಮ ಕೋಣೆಯ ಜೊತೆಗಾರನೊಬ್ಬ ಕುಂದಾಪುರ ಕಡೆಯವನು, ಟ್ಯಾಕ್ಸಿ ಓಡಿಸುತ್ತಿದ್ದ. ಒಂದು ರಾತ್ರಿ ಬಾಗಿಲಲ್ಲೇ, "ಅಣ್ಣಾ, ಆರೇ ಕಿಲೋಮೀಟರಿಗೆ 37 ದಿರ್ಹಾಮ್!" ಎಂದ. ಏರ್‌ಪೋರ್ಟಿನಲ್ಲಿ ಹತ್ತಿದರೆ ಮೀಟರ್ 25ರಿಂದಲೇ ಶುರು. ಕಿಲೋಮೀಟರಿಗೆ ಸುಮಾರು 2ರಂತೆ ಇನ್ನು 12. ಕಿಲೋಮೀಟರಿಗೆ ಆರು ದಿರ್ಹಾಮಿಗೂ ಮೇಲಾಯಿತು, ನಿಜ.

"ಸಾಲಿನಲ್ಲಿ ಎಷ್ಟು ಹೊತ್ತು ನಿಂತಿದ್ದೆ?" ಎಂದೆ.

"ಐವತ್ತು ನಿಮಿಷ ಆಗಿರಬಹುದು."

ಬಾಡಿಗೆ ಓಡಿದ್ದು 12 ನಿಮಿಷ, ಖಾಲಿ ಗಾಡಿಯಲ್ಲಿ ವಾಪಸ್ಸು ಬಂದದ್ದು 10. ಒಟ್ಟು 72 ನಿಮಿಷಕ್ಕೆ 37 ಎಂದರೆ ಗಂಟೆಗೆ 31 ದಿರ್ಹಾಮೂ ಇಲ್ಲ.

ಈಗ ಬೀದಿಯ ಬಾಡಿಗೆ ನೋಡಿ. ದೇರಾದಿಂದ ಬರ್ ದುಬೈಗೆ ಅದೇ ಆರು ಕಿಲೋಮೀಟರ್. ಮೀಟರ್ 5ರಿಂದ ಶುರುವಾಗಿ 17ಕ್ಕೆ ನಿಲ್ಲುತ್ತದೆ. ಓಡಲು 15 ನಿಮಿಷ, ಮುಂದಿನವರು ಕೈ ಅಡ್ಡ ಹಿಡಿಯಲು ಐದು ನಿಮಿಷ ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಮೂರು ದಿರ್ಹಾಮೂ ಇಲ್ಲದ ಈ ಬಾಡಿಗೆ ಗಂಟೆಗೆ 51 ತರುತ್ತದೆ. ಅವನದು ಕಮಿಷನ್ ಕೆಲಸ, ಪೆಟ್ರೋಲ್ ಕಂಪನಿಯದು. ಹಾಗಾಗಿ ಅವನ ಕೈಯಿಂದ ಖರ್ಚಾಗುವುದು ಹೊತ್ತು ಮಾತ್ರ. ಪೆಟ್ರೋಲ್ ತಾನೇ ಹಾಕಿಸುವವನಾದರೆ ಖಾಲಿ ಓಡಿದ ಕಿಲೋಮೀಟರನ್ನೂ ಕಳೆಯಬೇಕಿತ್ತು.

ಹಾಗೆಂದು ಏರ್‌ಪೋರ್ಟ್ ಕೆಟ್ಟದ್ದೇನಲ್ಲ. ಸಾಲು ಹತ್ತೇ ನಿಮಿಷದ್ದಾಗಿದ್ದರೆ ಅದೇ 37 ದಿರ್ಹಾಮ್ 32 ನಿಮಿಷದಲ್ಲಿ ಬರುತ್ತಿತ್ತು, ಗಂಟೆಗೆ 69! ಎಲ್ಲಿ ಎರಡೂ ಸಮನಾಗುತ್ತವೆ? ಬೀದಿಯಲ್ಲಿ ನಿಮಿಷಕ್ಕೆ 85 ಫಿಲ್ಸ್. ಆ ದರದಲ್ಲಿ 37 ದಿರ್ಹಾಮ್ ದುಡಿಯಲು 43 ನಿಮಿಷ ಚಿಲ್ಲರೆ ಬೇಕು. ಅದರಲ್ಲಿ ಹೋಗಿಬರುವ 22 ತೆಗೆದರೆ ಉಳಿಯುವುದು 21. ಸಾಲಿನಲ್ಲಿ ಅದಕ್ಕಿಂತ ಹೆಚ್ಚು ನಿಂತರೆ ಬೀದಿಯೇ ಮೇಲು. ಮರೀನಾದಂಥ ದೂರದ ಗಿರಾಕಿ ಸಿಕ್ಕರೆ ಮಾತು ಬೇರೆ, ಆದರೆ ಸಾಲಿನಲ್ಲಿ ಗಿರಾಕಿಯನ್ನು ಆರಿಸುವಂತಿಲ್ಲವಲ್ಲ.

ಕಾಯುವುದರಲ್ಲೂ ಎರಡು ಬಗೆ. ಗಿರಾಕಿ ಅಂಗಡಿಯ ಮುಂದೆ "ಈಗ ಬಂದೆ" ಎಂದು 20 ನಿಮಿಷ ನಿಲ್ಲಿಸಿದರೆ ಮೀಟರ್ ನಿಮಿಷಕ್ಕೆ 50 ಫಿಲ್ಸ್ ಏರಿಸುತ್ತದೆ, 10 ದಿರ್ಹಾಮ್. ಬೀದಿಯಲ್ಲಿ ಅಷ್ಟೇ ಹೊತ್ತಿಗೆ 17 ಬರುತ್ತಿತ್ತು, ಏಳು ಕಡಿಮೆಯಾಯಿತು. ಏರ್‌ಪೋರ್ಟ್ ಸಾಲಿನಲ್ಲಾದರೋ ಮೀಟರ್ ಮಲಗಿರುತ್ತದೆ. ಊಟಕ್ಕೋ ಬೆನ್ನು ನೇರ ಮಾಡಿಕೊಳ್ಳಲಿಕ್ಕೋ ಹೇಗೂ ನಿಲ್ಲಬೇಕಾಗಿದ್ದರೆ ಮಾತ್ರ ಆ ಹೊತ್ತು ನಷ್ಟವಲ್ಲ. 12 ಗಂಟೆಯ ಡ್ಯೂಟಿಯಲ್ಲಿ ಅದೂ ಬೇಕು.

ಸಾಲಿನ ಉದ್ದ ನೋಡಿದರೆ ಸಾಲದು, ವೇಗ ನೋಡಬೇಕು. ಮುಂದೆ 60 ಗಾಡಿಗಳಿದ್ದು ಐದು ನಿಮಿಷಕ್ಕೆ 20 ಕದಲಿದರೆ ಕಾಲು ಗಂಟೆಯ ಮಾತು. ಐದೇ ಕದಲಿದರೆ ಒಂದು ಗಂಟೆ. ನಮ್ಮ ಹುಡುಗ ಈಗ ಸಾಲಿನ ಬಾಲದಲ್ಲೇ ಇದನ್ನು ಎಣಿಸುತ್ತಾನೆ. ಮೊನ್ನೆ ಅಲ್ಲಿಂದಲೇ ಗಾಡಿ ತಿರುಗಿಸಿ ನೈಫ್ ಕಡೆ ಹೋದನಂತೆ.